ಯಾರು ಗೆದ್ದರೂ ಲಾಭ ಅಂತಾರಲ್ಲ, ಆ ಲೆಕ್ಕ ಬಿಡಿಸಿ ನೋಡೋಣ

1/9

ಹೋದ ವಾರ ಸ್ಟೋರಿಯಲ್ಲಿ ಪ್ರಶ್ನೆ ಕೇಳಿ ಅಂದಿದ್ದೆ. ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟು ಒಂದೇ ವಿಷಯದ್ದು. "ಅಣ್ಣಾ, ಟೂರ್ನಿ ಶುರುವಾಗೋ ಮೊದಲೇ ಒಂದು ಟೀಮ್ ಕಪ್ ಗೆಲ್ಲುತ್ತೆ ಅಂತ ದುಡ್ಡು ಹಾಕೋದು, ಅದು ಫೈನಲ್‌ಗೆ ಬಂದ ಮೇಲೆ ಎದುರು ಟೀಮ್ ಮೇಲೂ ಹಾಕೋದು. ಆಗ ಯಾರು ಗೆದ್ದರೂ ಲಾಭವಂತೆ. ಇದು ನಿಜಾನಾ?"

ಕೂಡಿ ಕಳೆಯೋ ಲೆಕ್ಕದ ಮಟ್ಟಿಗೆ ನಿಜ. ಇದಕ್ಕೆ ಹೆಡ್ಜ್ ಮಾಡೋದು ಅಂತ ಹೆಸರು. ಆದರೆ ನಿಮಗೆ ಬರೋ ಸ್ಕ್ರೀನ್‌ಶಾಟ್‌ನಲ್ಲಿ ಈ ಲೆಕ್ಕದ ಕೊನೆಯ ಸಾಲು ಮಾತ್ರ ಇರುತ್ತೆ. ಮೇಲಿನ ಸಾಲುಗಳನ್ನು ಇವತ್ತು ಒಟ್ಟಿಗೆ ಬರೆಯೋಣ. ಪೆನ್ನು, ಒಂದು ಹಾಳೆ ಇದ್ದರೆ ಸಾಕು. ಪಿಯುಸಿ ಗಣಿತ ಕೂಡ ಬೇಡ, ಗುಣಾಕಾರ ಭಾಗಾಕಾರ ಬಂದರೆ ಆಯ್ತು.

ಉದಾಹರಣೆಗೆ ನಾನು 2019ರ ವಿಶ್ವಕಪ್ ತಗೊಳ್ತೀನಿ. ಆಗ ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದ್ತಾ ಇದ್ದೆ. ಅಲ್ಲಿ 18 ದಾಟಿದವರಿಗೆ ಬೆಟ್ಟಿಂಗ್ ಕಾನೂನುಬದ್ಧ. ನಮ್ಮಲ್ಲಿ ಹಾಗಲ್ಲ, ಅದರ ಬಗ್ಗೆ ಎಂಟನೇ ಭಾಗದಲ್ಲಿ ಹೇಳ್ತೀನಿ, ಅದನ್ನು ಮಾತ್ರ ಬಿಟ್ಟು ಮುಂದೆ ಹೋಗಬೇಡಿ.

2/9

ನಮ್ಮ ಮನೆಯಲ್ಲಿ ನಾವು ನಾಲ್ಕು ಜನ ಹುಡುಗರು. ಅವರಲ್ಲಿ ಒಬ್ಬ ಹಾಸನದ ಕಡೆಯವನು. ಟೂರ್ನಿಗೆ ಮೊದಲು ಅವನು ಅಲ್ಲಿನ ಒಬ್ಬ ಬುಕ್ಕಿಯ ಹತ್ತಿರ ನ್ಯೂಜಿಲೆಂಡ್ ಕಪ್ ಗೆಲ್ಲುತ್ತೆ ಅಂತ 20 ಪೌಂಡ್ ಕಟ್ಟಿದ್ದ. ಲೆಕ್ಕ ಸುಲಭ ಆಗಲಿ ಅಂತ ಇಲ್ಲಿ ಎಲ್ಲ ಆಡ್ಸ್‌ಗಳನ್ನೂ ದುಂಡು ಅಂಕಿ ಮಾಡಿಕೊಂಡಿದ್ದೀನಿ. ಅವನ ಆಡ್ಸ್ 10 ಅಂತ ಇಟ್ಕೊಳ್ಳಿ.

10 ಅಂದ್ರೆ ಏನು? ಗೆದ್ದರೆ ಕಟ್ಟಿದ ದುಡ್ಡಿನ ಹತ್ತು ಪಟ್ಟು ಕೈಗೆ ಬರುತ್ತೆ, ಕಟ್ಟಿದ ದುಡ್ಡೂ ಅದರೊಳಗೇ ಸೇರಿದೆ. ಹಾಗಾಗಿ 20 ಪೌಂಡ್‌ಗೆ 200 ವಾಪಸ್, ಅದರಲ್ಲಿ ಲಾಭ 180. ಸೋತರೆ 20 ಹೋಯ್ತು.

ಆಡ್ಸ್‌ಗೆ ಇನ್ನೊಂದು ಅರ್ಥವೂ ಇದೆ. 1ನ್ನು ಆಡ್ಸ್‌ನಿಂದ ಭಾಗಿಸಿ. 1 ÷ 10 ಅಂದ್ರೆ ನೂರಕ್ಕೆ 10. "ಈ ಟೀಮ್ ಗೆಲ್ಲೋ ಸಾಧ್ಯತೆ ನೂರಕ್ಕೆ ಹತ್ತು" ಅಂತ ಮಾರುಕಟ್ಟೆ ಹೇಳ್ತಾ ಇದೆ. ಆಡ್ಸ್ 3 ಆದರೆ ಮೂರರಲ್ಲಿ ಒಂದು ಪಾಲು. 1.5 ಆದರೆ ಮೂರರಲ್ಲಿ ಎರಡು ಪಾಲು. ಈ ಒಂದು ಭಾಗಾಕಾರ ನೆನಪಿಟ್ಕೊಳ್ಳಿ, ಆರನೇ ಭಾಗದಲ್ಲಿ ಎಲ್ಲಾ ಇದರ ಮೇಲೇ ನಿಂತಿದೆ.

ಟೂರ್ನಿ ನಡೀತು. ಮ್ಯಾಂಚೆಸ್ಟರ್ ಸೆಮಿಫೈನಲ್ ನಿಮಗೆ ಮರೆತಿರಲ್ಲ. ರೋಹಿತ್, ಕೊಹ್ಲಿ, ನಮ್ಮ ರಾಹುಲ್, ಮೂವರೂ ಒಂದೊಂದೇ ರನ್‌ಗೆ ಔಟ್. ಆಮೇಲೆ ಧೋನಿ ರನ್ ಔಟ್. ನಾವು 18 ರನ್‌ಗಳಿಂದ ಸೋತೆವು. ಮನೆಯಲ್ಲಿ ಮೂವರು ಊಟ ಬಿಟ್ಟು ಕೂತಿದ್ವಿ. ನಾಲ್ಕನೆಯವನು ಮುಖ ಸಪ್ಪಗೆ ಮಾಡ್ಕೊಂಡಿದ್ದರೂ ಅವನ ಟಿಕೆಟ್ ಫೈನಲ್‌ಗೆ ಹೋಗಿತ್ತು. ಮಾರನೇ ದಿನ ಇಂಗ್ಲೆಂಡ್ ಆಸ್ಟ್ರೇಲಿಯಾವನ್ನು ಸೋಲಿಸಿತು. ಜುಲೈ 14, ಭಾನುವಾರ, ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ಫೈನಲ್.

3/9

ಶನಿವಾರ ರಾತ್ರಿ ಅವನು ಅಡುಗೆಮನೆಗೆ ಬಂದು ಕೇಳಿದ. "ಲೋ, ಈಗ ಏನಾದ್ರೂ ಮಾಡಿ ಲಾಭ ಹಿಡ್ಕೋಬಹುದಾ?"

ಕೇಳಿದ್ದಕ್ಕೆ ಕಾರಣ ಇತ್ತು. ಸೋಮವಾರ ಬಾಡಿಗೆ ಕಟ್ಟಬೇಕಿತ್ತು. 180 ಪೌಂಡ್ ಬಂದರೆ ಅವನ ಬಾಡಿಗೆಯ ದೊಡ್ಡ ಪಾಲು ಕಳೀತಿತ್ತು. ಬರದಿದ್ದರೆ ಮತ್ತೆ ರಾತ್ರಿ ಪಾಳಿ ಹುಡುಕಬೇಕು.

ಆ ಹೊತ್ತಿಗೆ ಇಂಗ್ಲೆಂಡ್ ಫೇವರಿಟ್. ಇಂಗ್ಲೆಂಡ್ ಆಡ್ಸ್ 1.5, ನ್ಯೂಜಿಲೆಂಡ್ ಆಡ್ಸ್ 3 ಅಂತ ಇಟ್ಕೊಳ್ಳೋಣ. ಅವನು 10ಕ್ಕೆ ತಗೊಂಡ ಮಾಲು ಈಗ 3ಕ್ಕೆ ಬಂದಿದೆ. ಇಲ್ಲಿ ಸಂಖ್ಯೆ ಇಳಿದರೆ ಬೆಲೆ ಏರಿದೆ ಅಂತ ಅರ್ಥ, ಅದರಲ್ಲಿ ಗೊಂದಲ ಬೇಡ.

ಹಿಡಿದುಕೊಳ್ಳೋಕೆ ಎರಡು ದಾರಿ.

ಮೊದಲನೇ ದಾರಿ, ಎದುರು ಟೀಮ್ ಮೇಲೆ ಕಟ್ಟೋದು. ಎಷ್ಟು ಕಟ್ಟಬೇಕು? ಮೊದಲ ಟಿಕೆಟ್‌ನಿಂದ ಬರೋ ಪೂರ್ತಿ ಮೊತ್ತವನ್ನು ಎದುರು ಟೀಮಿನ ಆಡ್ಸ್‌ನಿಂದ ಭಾಗಿಸಿ.

200 ÷ 1.5 = 133.33

ಇಂಗ್ಲೆಂಡ್ ಮೇಲೆ 133.33 ಪೌಂಡ್ ಕಟ್ಟಿದ ಅಂತ ಇಟ್ಕೊಳ್ಳಿ.

ನ್ಯೂಜಿಲೆಂಡ್ ಗೆದ್ದರೆ: 180 − 133.33 = 46.67
ಇಂಗ್ಲೆಂಡ್ ಗೆದ್ದರೆ: 66.67 − 20 = 46.67

ಯಾರು ಗೆದ್ದರೂ 46.67. ನಿಮಗೆ ಬರೋ ಸ್ಕ್ರೀನ್‌ಶಾಟ್ ಇದೇ.

ಆದರೆ ಸಾಮಾನ್ಯ ಬುಕ್ಕಿ ತನ್ನ ಪಾಲು ಇಟ್ಟುಕೊಂಡೇ ಆಡ್ಸ್ ಕೊಡ್ತಾನೆ. 1.5 ಇರಬೇಕಾದ ಕಡೆ 1.44 ಕೊಟ್ಟ ಅನ್ನಿ. ಆಗ 200 ÷ 1.44 = 138.89 ಕಟ್ಟಬೇಕು, ಸಿಗೋ ಲಾಭ 41.11. ಆಡ್ಸ್‌ನಲ್ಲಿ ಆರು ಪೈಸೆಯಷ್ಟು ವ್ಯತ್ಯಾಸ, ನಿಮ್ಮ ಕೈಯಿಂದ ಐದೂವರೆ ಪೌಂಡ್ ಹೋಯ್ತು.

4/9

ಎರಡನೇ ದಾರಿ ಎಕ್ಸ್‌ಚೇಂಜ್. ಬೆಟ್‌ಫೇರ್ ಥರದ ಎಕ್ಸ್‌ಚೇಂಜ್‌ನಲ್ಲಿ ಬುಕ್ಕಿ ಅಂತ ಒಬ್ಬ ಇರಲ್ಲ. ಒಬ್ಬ ಗೆಲ್ಲುತ್ತೆ ಅಂತಾನೆ, ಇನ್ನೊಬ್ಬ ಗೆಲ್ಲಲ್ಲ ಅಂತಾನೆ, ಇಬ್ಬರ ನಡುವೆ ಬಾಜಿ. ಗೆಲ್ಲುತ್ತೆ ಅನ್ನೋದು ಬ್ಯಾಕ್, ಗೆಲ್ಲಲ್ಲ ಅನ್ನೋದು ಲೇ. ನಮ್ಮ ಕಡೆ ಸಟ್ಟಾ ಭಾಷೆಯಲ್ಲಿ ಲಗಾಯಿ, ಖಾಯಿ ಅಂತಾರಲ್ಲ, ಅದೇ.

ಲೇ ಮಾಡಿದಾಗ ನೀವೇ ಬುಕ್ಕಿಯ ಜಾಗದಲ್ಲಿ ಕೂರ್ತೀರಿ. ಟೀಮ್ ಸೋತರೆ ಎದುರಿನವನ ದುಡ್ಡು ನಿಮಗೆ. ಗೆದ್ದರೆ ಅವನ ಲಾಭವನ್ನು ನೀವು ಕೊಡಬೇಕು. ಹಾಗೆ ಕೊಡಬೇಕಾಗಬಹುದಾದ ಮೊತ್ತಕ್ಕೆ ಲಯಬಿಲಿಟಿ ಅಂತ ಹೆಸರು, ಅದನ್ನು ಮೊದಲೇ ಖಾತೆಯಲ್ಲಿ ಇಟ್ಟಿರಬೇಕು.

ಗೆದ್ದವರ ಲಾಭದ ಮೇಲೆ ಎಕ್ಸ್‌ಚೇಂಜ್ ಕಮಿಷನ್ ಹಿಡಿಯುತ್ತೆ. ನೂರಕ್ಕೆ 5 ಅಂತ ಹಿಡಿಯೋಣ. ಆಗ ಎಷ್ಟು ಲೇ ಮಾಡಬೇಕು ಅನ್ನೋದಕ್ಕೆ ಸೂತ್ರ ಇದು: ಮೊದಲ ಟಿಕೆಟ್‌ನ ಪೂರ್ತಿ ಮೊತ್ತ ÷ (ಲೇ ಆಡ್ಸ್ − ಕಮಿಷನ್).

200 ÷ (3 − 0.05) = 67.80

ಲಯಬಿಲಿಟಿ ಎಷ್ಟು? 67.80 × 2 = 135.60

ನ್ಯೂಜಿಲೆಂಡ್ ಗೆದ್ದರೆ: 180 − 135.60 = 44.40
ನ್ಯೂಜಿಲೆಂಡ್ ಸೋತರೆ: 67.80ರಲ್ಲಿ ಕಮಿಷನ್ ಹೋಗಿ 64.41, ಅದರಲ್ಲಿ 20 ಕಳೆದರೆ 44.41

ಒಂದು ಪೈಸೆ ಆಚೀಚೆ, ಎರಡೂ ಕಡೆ 44.40. ಕಮಿಷನ್ ಮರೆತು 66.67 ಲೇ ಮಾಡಿದ್ದರೆ ಎರಡೂ ಕಡೆ ಸಮ ಆಗ್ತಿರಲಿಲ್ಲ. ನ್ಯೂಜಿಲೆಂಡ್ ಗೆದ್ದರೆ 46.67, ಸೋತರೆ 43.33. ದೊಡ್ಡ ವ್ಯತ್ಯಾಸ ಅಲ್ಲ, ಆದರೆ ಸಮ ಮಾಡೋದೇ ಉದ್ದೇಶವಾದಾಗ ಸೂತ್ರ ಸರಿ ಇರಲಿ.

ಇಲ್ಲಿ ಒಂದು ಮಾತು. ಎಕ್ಸ್‌ಚೇಂಜ್‌ನಲ್ಲಿ ನೀವು ಕೇಳಿದ ಆಡ್ಸ್‌ಗೆ ಎದುರಿಗೆ ಯಾರಾದರೂ ಒಪ್ಪಬೇಕು. ಒಪ್ಪಿದರೆ ಮಾತ್ರ "ಮ್ಯಾಚ್ಡ್" ಅಂತ ತೋರಿಸುತ್ತೆ. ಇನ್ನೂ ಸ್ವಲ್ಪ ಒಳ್ಳೆ ಆಡ್ಸ್ ಸಿಗಲಿ ಅಂತ 2.8ಕ್ಕೆ ಕೇಳಿ ಮಲಗಿದರೆ, ಬೆಳಿಗ್ಗೆ ಎದ್ದಾಗ ಅರ್ಧ ಮಾತ್ರ ಮ್ಯಾಚ್ ಆಗಿರಬಹುದು, ಇಲ್ಲವೇ ಏನೂ ಆಗಿರದೇ ಇರಬಹುದು. ಮ್ಯಾಚ್ ಆಗದೆ ಬಾಕಿ ಉಳಿದಿರೋದು ಹೆಡ್ಜ್ ಅಲ್ಲ, ಬರೀ ಆಸೆ.

5/9

ಈಗ ನಿಜವಾದ ಕಷ್ಟಕ್ಕೆ ಬರೋಣ. 44.40 ಹಿಡಿಯೋಕೆ 135.60 ಪೌಂಡ್ ಎಕ್ಸ್‌ಚೇಂಜ್ ಖಾತೆಯಲ್ಲಿ ಇರಬೇಕು. ಅವನ ಖಾತೆಯಲ್ಲಿ ಇದ್ದದ್ದು 50. ಉಳಿದದ್ದು ಬ್ಯಾಂಕಿನಲ್ಲಿ, ಅದು ಬಾಡಿಗೆಯ ದುಡ್ಡು.

"ಹಾಕಿಬಿಡ್ತೀನಿ ಕಣೋ, ಹೇಗೂ ಲಾಕ್ ಆಗಿರುತ್ತಲ್ಲ" ಅಂದ.

ಲಾಕ್ ಆಗಿರುತ್ತೆ, ಸರಿ. ಆದರೆ ದುಡ್ಡು ಎಲ್ಲಿ ಇರುತ್ತೆ ಅಂತ ನೋಡಿ. ನ್ಯೂಜಿಲೆಂಡ್ ಗೆದ್ದರೆ ಎಕ್ಸ್‌ಚೇಂಜ್ ಆ ಕ್ಷಣವೇ 135.60 ಕಿತ್ಕೊಳ್ಳುತ್ತೆ. ಬರಬೇಕಾದ 200 ಇರೋದು ಬೇರೆ ಬುಕ್ಕಿಯ ಹತ್ತಿರ. ಅದು ಮೊದಲು ಅಲ್ಲಿನ ಖಾತೆಗೆ ಜಮಾ ಆಗಬೇಕು, ಆಮೇಲೆ ಬ್ಯಾಂಕಿಗೆ ಬರಬೇಕು. ಅಂಥದ್ದಕ್ಕೆ ಕೆಲವು ದಿನ ಹಿಡಿಯಬಹುದು, ಗುರುತಿನ ದಾಖಲೆ ಕೇಳಿದರೆ ಇನ್ನೂ ಹೆಚ್ಚು. ಬಾಡಿಗೆ ಸೋಮವಾರ. ಕಾಗದದ ಮೇಲೆ 44 ಪೌಂಡ್ ಲಾಭದಲ್ಲಿರೋ ಮನುಷ್ಯ ಮನೆ ಮಾಲೀಕನ ಮುಂದೆ ಬರಿಗೈಯಲ್ಲಿ ನಿಂತಿರ್ತಾನೆ.

ಹಾಗಾಗಿ ನಾವು ಬೇರೆ ಲೆಕ್ಕ ಹಾಕಿದ್ವಿ. ಬಾಡಿಗೆ ದುಡ್ಡು ಮುಟ್ಟೋದು ಬೇಡ. ಖಾತೆಯಲ್ಲಿರೋ 50 ಪೌಂಡ್ ಲಯಬಿಲಿಟಿಗೆ ಎಷ್ಟು ಲೇ ಮಾಡಬಹುದು? ಆಡ್ಸ್ 3 ಆದ್ದರಿಂದ 50 ÷ 2 = 25.

ನ್ಯೂಜಿಲೆಂಡ್ ಗೆದ್ದರೆ: 180 − 50 = 130
ನ್ಯೂಜಿಲೆಂಡ್ ಸೋತರೆ: 25ರಲ್ಲಿ ಕಮಿಷನ್ ಹೋಗಿ 23.75, ಅದರಲ್ಲಿ 20 ಕಳೆದರೆ 3.75

ಇದು ಅರ್ಧ ಹೆಡ್ಜ್. ಯಾವ ಕಡೆ ಹೋದರೂ ನಷ್ಟ ಇಲ್ಲ, ಒಂದು ಕಡೆ ಮಾತ್ರ ದೊಡ್ಡ ಮೊತ್ತ ಉಳಿದಿದೆ. ಲಾಕ್ ಅಂದ್ರೆ ಎರಡೂ ಕಡೆ ಸಮ ಮಾಡಲೇಬೇಕು ಅಂತ ಯಾವ ನಿಯಮವೂ ಇಲ್ಲ. 20 ಹಾಕಿದ್ದು ಮಾತ್ರ ವಾಪಸ್ ಬರಲಿ ಅನ್ನೋದರಿಂದ ಹಿಡಿದು ಪೂರ್ತಿ ಸಮ ಮಾಡೋವರೆಗೂ, ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಅವನು ಇಲ್ಲಿ ನಿಂತ. 25 ಲೇ ಮಾಡಿ, ಮ್ಯಾಚ್ಡ್ ಅಂತ ಬಂದದ್ದು ನೋಡಿ ಮಲಗಿದ.

6/9

ಫೈನಲ್‌ಗೆ ಹೋಗೋ ಮೊದಲು ಈ ಸರಣಿಯ ಮುಖ್ಯ ವಿಷಯ ಹೇಳಿಬಿಡ್ತೀನಿ. ನಿಧಾನವಾಗಿ ಓದಿ.

46.67 ಪೌಂಡ್ ಲಾಭ ಎಲ್ಲಿಂದ ಬಂತು? ಹೆಡ್ಜ್ ಮಾಡಿದ್ದರಿಂದ ಬಂತು ಅಂತ ಎಲ್ಲರೂ ಅಂದ್ಕೊಳ್ತಾರೆ. ಅಲ್ಲ. ಶನಿವಾರ ರಾತ್ರಿ ಆ ಟಿಕೆಟ್‌ನ ಬೆಲೆಯೇ ಅಷ್ಟಿತ್ತು.

ಆಡ್ಸ್ 3 ಸರಿಯಾದ ಬೆಲೆ ಅಂದುಕೊಂಡರೆ, ನ್ಯೂಜಿಲೆಂಡ್ ಗೆಲ್ಲೋದು ಮೂರರಲ್ಲಿ ಒಂದು ಸಲ. ಏನೂ ಮಾಡದೆ ಟಿಕೆಟ್ ಇಟ್ಟುಕೊಂಡರೆ, ಮೂರರಲ್ಲಿ ಒಂದು ಸಲ 180 ಬರುತ್ತೆ, ಎರಡು ಸಲ 20 ಹೋಗುತ್ತೆ. ಒಟ್ಟು 180 − 40 = 140. ಮೂರರಿಂದ ಭಾಗಿಸಿ: 46.67. ಹೆಡ್ಜ್ ಮಾಡಿದಾಗ ಸಿಕ್ಕಿದ ಅಂಕಿಯೇ. ಅಂದ್ರೆ ಹೆಡ್ಜ್ ಹೊಸದಾಗಿ ಒಂದು ಪೈಸೆಯನ್ನೂ ಹುಟ್ಟಿಸಲಿಲ್ಲ. ಏರಿಳಿತ ಇರೋ 46.67ನ್ನು ಏರಿಳಿತ ಇಲ್ಲದ 46.67ಕ್ಕೆ ಬದಲಾಯಿಸಿಕೊಟ್ಟಿತು, ಅಷ್ಟೇ. ಆ ಬದಲಾವಣೆಗೆ ಎರಡು ಪೌಂಡ್ ಚಿಲ್ಲರೆ ಕಮಿಷನ್ ತಗೊಂಡಿತು.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗೋಣ. ಟೂರ್ನಿಗೆ ಮೊದಲು ಆಡ್ಸ್ 10, ಅಂದ್ರೆ ಗೆಲ್ಲೋ ಸಾಧ್ಯತೆ ನೂರಕ್ಕೆ 10. ಫೈನಲ್ ತಲುಪಿದರೆ ಆಡ್ಸ್ 3, ಅಂದ್ರೆ ಅಲ್ಲಿಂದ ಗೆಲ್ಲೋದು ಮೂರರಲ್ಲಿ ಒಂದು. ಹಾಗಾದ್ರೆ ಇಂಥ ಟೀಮ್ ಫೈನಲ್ ತಲುಪೋ ಸಾಧ್ಯತೆ ಎಷ್ಟು? ಹತ್ತು ಟೂರ್ನಿಯಲ್ಲಿ ಒಂದು ಸಲ ಕಪ್ ಗೆಲ್ಲುತ್ತೆ, ಮೂರು ಫೈನಲ್‌ಗೆ ಒಂದು ಕಪ್. ಅಂದ್ರೆ ಹತ್ತು ಟೂರ್ನಿಯಲ್ಲಿ ಮೂರು ಸಲ ಮಾತ್ರ ಫೈನಲ್.

ಇನ್ನು ಹತ್ತು ಟೂರ್ನಿಗಳಲ್ಲಿ ಪ್ರತಿ ಸಲ 20 ಪೌಂಡ್ ಹಾಕಿ, ಫೈನಲ್ ತಲುಪಿದಾಗಲೆಲ್ಲ ಲಾಕ್ ಮಾಡೋ ಒಬ್ಬ ಶಿಸ್ತಿನ ಮನುಷ್ಯನ ಲೆಕ್ಕ ನೋಡಿ.

ಮೂರು ಸಲ ಲಾಕ್: 3 × 46.67 = 140
ಏಳು ಸಲ ಫೈನಲ್‌ಗೇ ಬರಲಿಲ್ಲ: 7 × 20 = 140 ನಷ್ಟ

ಸೊನ್ನೆ.

ಕಮಿಷನ್ ಸೇರಿಸಿದರೆ 3 × 44.40 = 133.20. ಅದರಲ್ಲಿ 140 ಕಳೆದರೆ 6.80 ಪೌಂಡ್ ನಷ್ಟ. ಮೊದಲನೇ ಟಿಕೆಟ್‌ನ ಆಡ್ಸ್‌ನಲ್ಲಿ ಬುಕ್ಕಿ ತನ್ನ ಪಾಲು ಹಿಡಿದಿದ್ದರೆ ನಷ್ಟ ಇನ್ನೂ ಜಾಸ್ತಿ. ನ್ಯಾಯವಾಗಿ 10 ಇರಬೇಕಾದದ್ದು ನಿಮಗೆ 9ಕ್ಕೆ ಸಿಕ್ಕಿರುತ್ತೆ.

ಅಂದ್ರೆ ಲಾಭ ಆಗೋಕೆ ಇರೋದು ಒಂದೇ ದಾರಿ. ಟೂರ್ನಿಗೆ ಮೊದಲು ನೀವು ತಗೊಂಡ ಆಡ್ಸ್, ಆ ಟೀಮಿನ ನಿಜವಾದ ಶಕ್ತಿಗಿಂತ ಹೆಚ್ಚಾಗಿರಬೇಕು. ಹತ್ತರಲ್ಲಿ ಮೂರು ಸಲದ ಬದಲು ನಾಲ್ಕು ಸಲ ಫೈನಲ್‌ಗೆ ಬರೋ ಟೀಮನ್ನು 10ರ ಬೆಲೆಗೆ ಹಿಡಿದಿರಬೇಕು. ಆ ತಿಳಿವಳಿಕೆ ಮೊದಲ ದಿನದ್ದು. ಫೈನಲ್ ಹಿಂದಿನ ರಾತ್ರಿ ಮಾಡೋ ಲಾಕ್‌ಗೂ ಅದಕ್ಕೂ ಸಂಬಂಧ ಇಲ್ಲ. ಲಾಕ್ ಹೇಗೆ ಮಾಡೋದು ಅಂತ ದುಡ್ಡು ತಗೊಂಡು ಕಲಿಸೋರು ಆ ಮೊದಲ ದಿನದ ಬಗ್ಗೆ ಬಾಯಿ ಬಿಡಲ್ಲ, ಗಮನಿಸಿ.

7/9

ಈಗ ಲಾರ್ಡ್ಸ್. ನ್ಯೂಜಿಲೆಂಡ್ 241. ಇಂಗ್ಲೆಂಡ್‌ಗೆ ಕೊನೆಯ ಓವರ್‌ನಲ್ಲಿ 15 ಬೇಕು. ಬೋಲ್ಟ್ ಬೌಲಿಂಗ್, ಸ್ಟೋಕ್ಸ್ ಬ್ಯಾಟಿಂಗ್. ಎರಡು ಬಾಲ್ ಡಾಟ್, ಮೂರನೇದು ಸಿಕ್ಸ್. ನಾಲ್ಕನೇದರಲ್ಲಿ ಎಸೆದ ಚೆಂಡು ಡೈವ್ ಹೊಡೆದ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋಗಿ ಆರು ರನ್. ಕೊನೆಗೆ ಇಂಗ್ಲೆಂಡ್ ಕೂಡ 241. ಟೈ. ಸೂಪರ್ ಓವರ್‌ನಲ್ಲಿ 15ಕ್ಕೆ 15, ಮತ್ತೆ ಟೈ. ಕೊನೆಯ ಬಾಲ್‌ಗೆ ಗಪ್ಟಿಲ್ ಎರಡನೇ ರನ್‌ಗೆ ಓಡಿ ರನ್ ಔಟ್. ಬೌಂಡರಿ ಎಣಿಸಿದರು: ಇಂಗ್ಲೆಂಡ್ 26, ನ್ಯೂಜಿಲೆಂಡ್ 17. ಕಪ್ ಇಂಗ್ಲೆಂಡ್‌ಗೆ.

ಹಾಸನದವನಿಗೆ ಉಳಿದದ್ದು 3.75 ಪೌಂಡ್. "ಪೂರ್ತಿ ಲಾಕ್ ಮಾಡಿದ್ರೆ 44 ಬರ್ತಿತ್ತು" ಅಂತ ಮನೆಯಲ್ಲಿ ಒಬ್ಬ ಅಂದ. ಗಪ್ಟಿಲ್ ಕ್ರೀಸ್ ಮುಟ್ಟಿದ್ದರೆ ಅದೇ ಬಾಯಿ 130ರ ಬಗ್ಗೆ ಮಾತಾಡ್ತಿತ್ತು. ಸೋಮವಾರ ಬಾಡಿಗೆ ಕಟ್ಟಿದ, ಮುಗೀತು.

ಆದರೆ ಈ ಪಂದ್ಯದಲ್ಲಿ ಹೆಡ್ಜ್ ಮಾಡೋರಿಗೆ ಒಂದು ದೊಡ್ಡ ಪಾಠ ಇದೆ. ಅದು ಟೈ.

ಮೂರನೇ ಭಾಗದಲ್ಲಿ ಎದುರು ಟೀಮ್ ಮೇಲೆ 133.33 ಕಟ್ಟೋ ದಾರಿ ಹೇಳಿದೆ ಅಲ್ವಾ? ಅದನ್ನು ಎರಡು ಕಡೆ ಕಟ್ಟಬಹುದು. ಒಂದು, "ಕಪ್ ಯಾರಿಗೆ" ಅನ್ನೋ ಮಾರುಕಟ್ಟೆ. ಇನ್ನೊಂದು, "ಇವತ್ತಿನ ಪಂದ್ಯ ಯಾರಿಗೆ" ಅನ್ನೋ ಮಾರುಕಟ್ಟೆ. ಫೈನಲ್ ದಿನ ಎರಡೂ ಒಂದೇ ಅಂತ ಅನ್ಸುತ್ತೆ. ನಿಯಮ ಮಾತ್ರ ಬೇರೆ ಬೇರೆ ಇರಬಹುದು. ಪಂದ್ಯದ ಬಾಜಿಯಲ್ಲಿ ಸೂಪರ್ ಓವರ್ ಲೆಕ್ಕಕ್ಕಿಲ್ಲ, ಟೈ ಆದರೆ ಡೆಡ್ ಹೀಟ್ ಅಂತ ನಿಯಮ ಇದೆ ಅಂದ್ಕೊಳ್ಳಿ. ಡೆಡ್ ಹೀಟ್ ಅಂದ್ರೆ ನೀವು ಕಟ್ಟಿದ್ದರಲ್ಲಿ ಅರ್ಧ ಗೆದ್ದ ಹಾಗೆ, ಅರ್ಧ ಸೋತ ಹಾಗೆ.

133.33ರಲ್ಲಿ ಅರ್ಧ 66.67. ಅದಕ್ಕೆ 1.5 ಆಡ್ಸ್ ಪ್ರಕಾರ 100 ವಾಪಸ್. ಅಂದ್ರೆ 33.33 ನಷ್ಟ. ಕಪ್ ಇಂಗ್ಲೆಂಡ್‌ಗೆ ಹೋದ್ದರಿಂದ ಮೊದಲ ಟಿಕೆಟ್‌ನ 20 ಕೂಡ ಹೋಯ್ತು.

ಒಟ್ಟು: 33.33 + 20 = 53.33 ನಷ್ಟ

"ಯಾರು ಗೆದ್ದರೂ 46.67 ಲಾಭ" ಅಂದುಕೊಂಡಿದ್ದವನಿಗೆ 53.33 ನಷ್ಟ. ಲೆಕ್ಕದಲ್ಲಿ ತಪ್ಪಿಲ್ಲ, ಎರಡು ಟಿಕೆಟ್ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳ್ತಾ ಇದ್ದವು.

ಎರಡೂ ಟಿಕೆಟ್ ಕಪ್ ಮಾರುಕಟ್ಟೆಯಲ್ಲೇ ಇದ್ದಿದ್ದರೆ? 2002ರ ಚಾಂಪಿಯನ್ಸ್ ಟ್ರೋಫಿ ನೆನಪಿಸಿಕೊಳ್ಳಿ. ಕೊಲಂಬೊದಲ್ಲಿ ಎರಡು ದಿನವೂ ಮಳೆ ಬಂದು ಫೈನಲ್ ಮುಗೀಲೇ ಇಲ್ಲ, ಭಾರತ ಮತ್ತು ಶ್ರೀಲಂಕಾ ಕಪ್ ಹಂಚಿಕೊಂಡವು. ಅಂಥ ಸಂದರ್ಭಕ್ಕೆ ನಮ್ಮ ಅಂಕಿಗಳನ್ನೇ ಹಾಕಿ ನೋಡಿ. 20ರ ಟಿಕೆಟ್‌ನಲ್ಲಿ ಅರ್ಧ, ಅಂದ್ರೆ 10ಕ್ಕೆ ಹತ್ತು ಪಟ್ಟು 100 ವಾಪಸ್, ಲಾಭ 80. ಎದುರು ಟಿಕೆಟ್‌ನಲ್ಲಿ 33.33 ನಷ್ಟ. ಕಳೆದರೆ 46.67. ಕಪ್ ಹಂಚಿಕೊಂಡರೂ ಲಾಕ್ ಅಲ್ಲಾಡಲಿಲ್ಲ. ಒಂದೇ ಪ್ರಶ್ನೆ, ಒಂದೇ ನಿಯಮ ಇದ್ದಾಗ ಮಾತ್ರ ಎರಡು ಟಿಕೆಟ್ ಒಂದನ್ನೊಂದು ಹಿಡಿದುಕೊಳ್ತವೆ.

8/9

ಈಗ ನಮ್ಮ ಊರಿನ ಮಾತು.

2025ರಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಅದಕ್ಕಿಂತ ಮೊದಲೂ ಕರ್ನಾಟಕದಲ್ಲಿ ಕ್ರಿಕೆಟ್ ಬೆಟ್ಟಿಂಗ್ ಪೊಲೀಸ್ ಕೇಸ್ ಆಗ್ತಿತ್ತು, ಈಗಲೂ ಆಗುತ್ತೆ. ಇದು ಒಂದು.

ಲೆಕ್ಕಕ್ಕೆ ಸಂಬಂಧಪಟ್ಟದ್ದು ಇನ್ನೊಂದು. 1872ರ ಭಾರತೀಯ ಒಪ್ಪಂದ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆ ಇಲ್ಲ. ಗೆದ್ದ ದುಡ್ಡು ಕೊಡಲಿಲ್ಲ ಅಂತ ನೀವು ಕೋರ್ಟಿಗೆ ಹೋಗೋಕೆ ಆಗಲ್ಲ. ಇಂಗ್ಲೆಂಡಿನಲ್ಲಿ 2005ರ ಜೂಜು ಕಾಯ್ದೆ ಬಂದ ಮೇಲೆ ಹೋಗಬಹುದು. ಇದು ಸಣ್ಣ ವ್ಯತ್ಯಾಸ ಅಲ್ಲ. ಯಾಕೆ ಅಂದ್ರೆ ಲಾಕ್ ಅನ್ನೋದು ಎರಡು ಕಾಲಿನ ಮೇಲೆ ನಿಂತಿದೆ. ಯಾವ ಕಡೆ ಹೋದರೂ ಒಂದು ಕಾಲು ಸೋಲುತ್ತೆ, ಇನ್ನೊಂದು ಗೆಲ್ಲುತ್ತೆ. ಸೋತ ಕಾಲಿನ ದುಡ್ಡು ನಿಮ್ಮಿಂದ ತಕ್ಷಣ ಹೋಗುತ್ತೆ. ಗೆದ್ದ ಕಾಲಿನ ದುಡ್ಡು ಬರಲೇಬೇಕು, ಇಲ್ಲದಿದ್ದರೆ ಲಾಕ್ ಇಲ್ಲ.

ವಾಟ್ಸಾಪ್‌ನಲ್ಲಿ ಐಡಿ ಕೊಡೋ ಒಬ್ಬನ ಹತ್ತಿರ ಮೊದಲ ಟಿಕೆಟ್ ಇದೆ, ಇನ್ನೊಬ್ಬನ ಹತ್ತಿರ ಲೇ ಮಾಡಿದ್ದೀರಿ ಅನ್ನಿ. ಟೀಮ್ ಗೆಲ್ತು. ಲೇ ಮಾಡಿದ ಕಡೆ 135.60 ಹೋಯ್ತು. 200 ಕೊಡಬೇಕಾದವನು ನಂಬರ್ ಬ್ಲಾಕ್ ಮಾಡಿದ. ಮೊದಲು ಕಟ್ಟಿದ 20 ಕೂಡ ಸೇರಿಸಿ 155.60 ನಷ್ಟ. ಹೆಡ್ಜ್ ಮಾಡದೇ ಇದ್ದಿದ್ದರೆ ಅದೇ ಮೋಸದಲ್ಲಿ ಹೋಗ್ತಿದ್ದದ್ದು 20 ಮಾತ್ರ. ದುಡ್ಡು ಕೊಡದವನ ಹತ್ತಿರ ಇರೋ ಟಿಕೆಟ್‌ಗೆ ಹೆಡ್ಜ್ ಮಾಡಿದರೆ ಅಪಾಯ ಕಡಿಮೆ ಆಗಲ್ಲ, ಸುಮಾರು ಎಂಟು ಪಟ್ಟು ಆಗುತ್ತೆ. ಇದನ್ನು ಪೌಂಡ್ ಬಿಟ್ಟು ನಿಮ್ಮ ಸೆಮಿಸ್ಟರ್ ಫೀಸಿನ ರೂಪಾಯಿಯಲ್ಲಿ ಒಮ್ಮೆ ಹಾಕಿ ನೋಡಿ.

ಅದಕ್ಕೇ ಹೇಳೋದು, ಇಲ್ಲಿದ್ದುಕೊಂಡು ಇದನ್ನು ಮಾಡೋಕೆ ಹೋಗಬೇಡಿ. ನೀತಿ ಪಾಠ ಅಲ್ಲ, ಭಾಗ ನಾಲ್ಕರ ಸೂತ್ರ ಇಲ್ಲಿ ಕೆಲಸ ಮಾಡೋದೇ ಇಲ್ಲ.

9/9

ಹಾಗಾದ್ರೆ ಹೆಡ್ಜ್ ಯಾವಾಗ ಅರ್ಥವಿರೋ ಕೆಲಸ? ಕಾನೂನು ಒಪ್ಪೋ ದೇಶದಲ್ಲಿ ಇರೋ ನಮ್ಮವರೂ ಇದನ್ನು ಓದ್ತಾರೆ, ಅವರಿಗಾಗಿ ಹೇಳ್ತೀನಿ.

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಟಿಕೆಟ್‌ನಿಂದ ಬರಬಹುದಾದ ದೊಡ್ಡ ಮೊತ್ತ ನಿಮ್ಮ ಜೀವನಕ್ಕೆ ಎಷ್ಟು ದೊಡ್ಡದು? 180 ಪೌಂಡ್ ಬಂದರೂ ಬರದಿದ್ದರೂ ನಿಮಗೆ ಏನೂ ಆಗಲ್ಲ ಅಂದ್ರೆ, ಸಮ ಮಾಡೋಕೆ ಕಮಿಷನ್ ಯಾಕೆ ಕೊಡ್ತೀರಿ? ಆದರೆ ಆ ಮೊತ್ತ ನಿಮ್ಮ ಒಂದು ವರ್ಷದ ಸಂಬಳದಷ್ಟಿದ್ದರೆ, ಮೂರರಲ್ಲಿ ಒಂದು ಸಲ ಎಲ್ಲ, ಎರಡು ಸಲ ಏನೂ ಇಲ್ಲ ಅನ್ನೋದಕ್ಕಿಂತ ಖಚಿತವಾದ ಮೂರನೇ ಒಂದು ಭಾಗ ನೆಮ್ಮದಿ. ಅದಕ್ಕೆ ಸ್ವಲ್ಪ ಕಮಿಷನ್ ಕೊಡೋದು ತಪ್ಪಲ್ಲ, ವಿಮೆಗೆ ಕಂತು ಕಟ್ಟಿದ ಹಾಗೆ. ವಿಮೆ ಕಟ್ಟಿ ಯಾರೂ ಶ್ರೀಮಂತರಾಗಲ್ಲ ಅನ್ನೋದೂ ಅಷ್ಟೇ ನಿಜ.

ಮಾಡೋದಾದರೆ ಕ್ರಮ ಇದು. ಎರಡೂ ಟಿಕೆಟ್ ಒಂದೇ ಪ್ರಶ್ನೆಯ ಮೇಲಿದೆಯಾ, ಟೈ ಮತ್ತು ಮಳೆಯ ನಿಯಮ ಒಂದೇ ಇದೆಯಾ ಅಂತ ಮೊದಲು ಓದಿ. ಲಯಬಿಲಿಟಿ ಎಷ್ಟು, ಆ ದುಡ್ಡು ಒಂದು ವಾರ ಸಿಗದಿದ್ದರೂ ನಡೆಯುತ್ತಾ ಅಂತ ನೋಡಿ. ಆಮೇಲೆ ಕಮಿಷನ್ ಸೇರಿಸಿ ಭಾಗಾಕಾರ ಮಾಡಿ. ಮ್ಯಾಚ್ಡ್ ಅಂತ ಬಂದ ಮೇಲೆ ಎರಡೂ ಕಡೆಯ ಫಲಿತಾಂಶವನ್ನು ಕೈಯಲ್ಲಿ ಬರೆದು ತಾಳೆ ನೋಡಿ. ಇದನ್ನೆಲ್ಲ ಹಿಂದಿನ ದಿನವೇ ಮಾಡಿ. ಪಂದ್ಯ ನಡೀತಿರುವಾಗ ವಿಕೆಟ್ ಬಿದ್ದ ಕೂಡಲೇ ಮಾರುಕಟ್ಟೆ ನಿಲ್ಲಿಸ್ತಾರೆ, ಮತ್ತೆ ತೆರೆಯೋ ಹೊತ್ತಿಗೆ ಆಡ್ಸ್ ಬೇರೆಯೇ ಆಗಿರುತ್ತೆ. ಸ್ಟೋಕ್ಸ್ ಬ್ಯಾಟಿಗೆ ಚೆಂಡು ತಾಗಿದ ಆ ಹತ್ತು ಸೆಕೆಂಡಿನಲ್ಲಿ ಯಾರೂ ಭಾಗಾಕಾರ ಮಾಡೋಕೆ ಆಗಲ್ಲ.

ಮುಂದಿನ ಸಲ ಯಾರಾದರೂ "ಲಾಕ್ಡ್ ಪ್ರಾಫಿಟ್" ಅಂತ ಸ್ಕ್ರೀನ್‌ಶಾಟ್ ಹಾಕಿದರೆ ಕಾಮೆಂಟ್‌ನಲ್ಲಿ ಇಷ್ಟೇ ಕೇಳಿ: "ಇದು ಫೈನಲ್ ತಲುಪಿದ ಮೂರರದ್ದು. ಉಳಿದ ಏಳರ ಸ್ಕ್ರೀನ್‌ಶಾಟ್ ಎಲ್ಲಿ?"

ಲೆಕ್ಕದಲ್ಲಿ ಎಲ್ಲಾದರೂ ಅರ್ಥ ಆಗದಿದ್ದರೆ ಭಾಗದ ನಂಬರ್ ಹಾಕಿ ಕೆಳಗೆ ಕೇಳಿ. ಆರನೇ ಭಾಗವನ್ನು ಮಾತ್ರ ನನ್ನ ಮಾತು ನಂಬದೆ ಹಾಳೆಯಲ್ಲಿ ನೀವೇ ಒಮ್ಮೆ ಮಾಡಿ ನೋಡಿ. 10 ಮತ್ತು 3ರ ಬದಲು 20 ಮತ್ತು 4 ಹಾಕಿ. ನ್ಯಾಯವಾದ ಆಡ್ಸ್ ಆದರೆ ಎಷ್ಟು ಸಲ ಫೈನಲ್ ತಲುಪಬೇಕು, ಕೊನೆಗೆ ಏನು ಉಳಿಯುತ್ತೆ ಅಂತ ಬರೀರಿ. ಸರಿ ಇದ್ದರೆ ಪಿನ್ ಮಾಡ್ತೀನಿ.